ತಿಂಗಳ ಕೊನೆಗೆ ಹಣ ಹಾಕಿದರೂ ಮಿನಿಮಮ್ ಬ್ಯಾಲೆನ್ಸ್ ದಂಡ: ನಿಮ್ಮ ಅನುಭವ ಹೇಳಿ

ಹಾಸನದ ಹೊಲಿಗೆಯವಳು: ನನ್ನ ಉಳಿತಾಯ ಖಾತೆಯಲ್ಲಿ ಹತ್ತು ಸಾವಿರ ಇರಬೇಕು ಅಂದಿದ್ದರು. ಜೂನ್ ಪೂರ್ತಿ ಎರಡು ಸಾವಿರವೇ ಇತ್ತು. 28ಕ್ಕೆ ಹದಿನೈದು ಸಾವಿರ ಹಾಕಿದೆ, ತಿಂಗಳು ಮುಗಿಯುವಾಗ ಹದಿನೇಳು ಸಾವಿರ ಇತ್ತು. ಆದರೂ ಜುಲೈನಲ್ಲಿ 460 ರೂಪಾಯಿ 20 ಪೈಸೆ ಕಟ್ ಆಗಿದೆ. ಯಾರಿಗಾದರೂ ಹೀಗೆ ಆಗಿದೆಯಾ? ಏನು ಮಾಡಿದಿರಿ?

ತರಕಾರಿ ಮಂಡಿ: ನನಗೂ ಇದೇ ಆಗಿದ್ದು, ಅದೂ ಲಕ್ಷಗಟ್ಟಲೆ ಓಡಾಡುವ ಖಾತೆಯಲ್ಲಿ! ಬೆಳಿಗ್ಗೆ ಬೆಂಗಳೂರಿನ ವ್ಯಾಪಾರಿ ಎರಡು ಲಕ್ಷ ಹಾಕುತ್ತಾನೆ, ಸಂಜೆಯೊಳಗೆ ರೈತರಿಗೆಲ್ಲ ಕಳಿಸಿ ಮುಗಿಸುತ್ತೇನೆ. ಉಳಿಯುವುದು ನಾಲ್ಕೈದು ಸಾವಿರ. ತಿಂಗಳಿಗೆ ಇಷ್ಟು ದುಡ್ಡು ಅವರ ಬ್ಯಾಂಕಿನ ಮೂಲಕ ಹೋಗಿದೆ, ಆದರೂ ದಂಡ. ಮ್ಯಾನೇಜರ್ ಹತ್ತಿರ ಜಗಳ ಆಡಿದ್ದೇನೆ. ಒಂದೇ ಒಂದು ದಿನ ಹತ್ತು ಸಾವಿರಕ್ಕಿಂತ ಕಡಿಮೆ ಆದರೂ ದಂಡ ಬೀಳುತ್ತೆ ಮೇಡಂ, ಅದು ಅವರ ನಿಯಮ. ಎರಡು ಸಾವಿರ ಇಟ್ಟ ದಿನವೇ ನಿಮ್ಮ ಕಥೆ ಮುಗಿದಿತ್ತು.

ನಿವೃತ್ತ ಕ್ಯಾಷಿಯರ್: ಮಂಡಿಯವರೇ, ಒಂದು ದಿನ ಕಡಿಮೆಯಾದರೆ ದಂಡ ಅನ್ನುವುದು ತಪ್ಪು. ಸರಾಸರಿ ಇಡಬೇಕಾದ ಖಾತೆಯಲ್ಲಿ ಪ್ರತಿ ದಿನದ ಕೊನೆಗೆ ಉಳಿದ ಮೊತ್ತವನ್ನು ಕೂಡಿಸಿ, ತಿಂಗಳ ದಿನಗಳಿಂದ ಭಾಗಿಸುತ್ತಾರೆ. ಹಗಲು ಎಷ್ಟು ಬಂತು ಎಷ್ಟು ಹೋಯಿತು ಎನ್ನುವುದು ಲೆಕ್ಕಕ್ಕೇ ಇಲ್ಲ. ನಿಮ್ಮ ಎರಡು ಲಕ್ಷ ರಾತ್ರಿ ಖಾತೆಯಲ್ಲಿ ಮಲಗಲಿಲ್ಲ, ಅದಕ್ಕೇ ದಂಡ. ಭಾನುವಾರ, ಹಬ್ಬದ ರಜೆ ಎಲ್ಲವೂ ಒಂದೊಂದು ದಿನವೇ. ಶನಿವಾರ ರಾತ್ರಿ ಉಳಿದಿದ್ದು ಭಾನುವಾರವೂ ಮುಟ್ಟದೆ ಇದ್ದರೆ ಎರಡು ಸಲ ಸೇರುತ್ತೆ.

ಹಾಸನದ ತಂಗಿ, ನಿಮ್ಮದನ್ನೇ ಕೂಡಿಸಿ ನೋಡಿ. ಜೂನ್ 30 ದಿನ, ಹತ್ತು ಸಾವಿರದ ಸರಾಸರಿ ಬರಬೇಕಾದರೆ ಒಟ್ಟು ಮೊತ್ತ ಮೂರು ಲಕ್ಷ ಆಗಬೇಕು. ಮೊದಲ 27 ದಿನ ಎರಡೆರಡು ಸಾವಿರ, ಅದು 54,000. ಕೊನೆಯ 3 ದಿನ ಹದಿನೇಳು ಸಾವಿರದಂತೆ 51,000. ಎರಡೂ ಸೇರಿ 1,05,000, 30ರಿಂದ ಭಾಗಿಸಿದರೆ 3,500. ಕೊರತೆ 6,500. ಅದರ ಶೇಕಡಾ 6 ಅಂದರೆ 390, ಮೇಲೆ ಶೇಕಡಾ 18 ಜಿಎಸ್‌ಟಿ 70 ರೂಪಾಯಿ 20 ಪೈಸೆ. ಪೈಸೆ ಸಮೇತ ಕೂಡಿಬಂತು ನೋಡಿ. ಲೆಕ್ಕದಲ್ಲಿ ಬ್ಯಾಂಕ್ ತಪ್ಪು ಮಾಡಿಲ್ಲ.

28ನೇ ತಾರೀಕು ಎಚ್ಚೆತ್ತವರಿಗೆ ಹದಿನೈದು ಸಾವಿರ ಏನೂ ಸಾಲದು. ಉಳಿದ 2,46,000ವನ್ನು ಮೂರು ರಾತ್ರಿಯಲ್ಲಿ ತುಂಬಿಸಬೇಕು, ದಿನಕ್ಕೆ 82,000 ಇರಬೇಕಿತ್ತು. ಇದೇ ಲೆಕ್ಕ ತಿಂಗಳ ಆರಂಭದಲ್ಲಿ ಮಾಡಿದರೆ ನಿಮಗೇ ಅನುಕೂಲ. 1ನೇ ತಾರೀಕಿನಿಂದ 15ರವರೆಗೆ ಇಪ್ಪತ್ತು ಸಾವಿರ ಬಿಟ್ಟರೆ ಮೂರು ಲಕ್ಷ ಆಗೇಹೋಯಿತು, ಆಮೇಲೆ ಖಾತೆ ಖಾಲಿ ಮಾಡಿದರೂ ಆ ತಿಂಗಳಿಗೆ ದಂಡವಿಲ್ಲ.

ತರಕಾರಿ ಮಂಡಿ: ಲೆಕ್ಕ ಹೇಳಿಕೊಡುವುದು ಸುಲಭ ಸ್ವಾಮಿ. ಕೌಂಟರ್‌ನಲ್ಲಿ ಕೂತಾಗ ಒಬ್ಬ ಗ್ರಾಹಕನಿಗಾದರೂ ಇದನ್ನು ಹೇಳಿದ್ದೀರಾ? ನನಗೆ ಖಾತೆ ಮಾಡಿಕೊಟ್ಟ ಹುಡುಗ ‘ಹತ್ತು ಸಾವಿರ ಇಟ್ಟಿರಿ’ ಅಂದ, ಅಷ್ಟೇ.

ನಿವೃತ್ತ ಕ್ಯಾಷಿಯರ್: ಹೇಳಿದ್ದೇನೆ, ಬಂದು ಕೇಳಿದವರಿಗೆಲ್ಲ ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ. ನೀವು ಮಂಡಿ ವ್ಯಾಪಾರದ ದುಡ್ಡನ್ನು ಉಳಿತಾಯ ಖಾತೆಯಲ್ಲಿ ಓಡಿಸುತ್ತಿದ್ದೀರಿ, ಅದಕ್ಕೆ ಕರೆಂಟ್ ಅಕೌಂಟ್ ಬೇಕು. ಅದನ್ನೂ ಯಾರೂ ಹೇಳಲಿಲ್ಲವೇ?

ತರಕಾರಿ ಮಂಡಿ: ನನ್ನ ವ್ಯಾಪಾರದ ವಿಷಯ ಇಲ್ಲಿ ಯಾರೂ ಕೇಳಿಲ್ಲ.

ಬಿಟಿಎಂ ಲೇಔಟ್: ನನ್ನದು ಇನ್ನೂ ಹೊಟ್ಟೆ ಉರಿಯುವ ಕೇಸ್. ಸ್ಯಾಲರಿ ಅಕೌಂಟ್, ಜೀರೋ ಬ್ಯಾಲೆನ್ಸ್ ಅಂತ ಕೊಟ್ಟಿದ್ದರು. ಕೆಲಸ ಹೋಯಿತು. ಮೂರು ತಿಂಗಳು ಸಂಬಳ ಬೀಳಲಿಲ್ಲ ಅಂತ ಅವರೇ ಅದನ್ನು ಸಾಮಾನ್ಯ ಉಳಿತಾಯ ಖಾತೆ ಮಾಡಿದರು. ಇದ್ದಿದ್ದು 1,100. ಮೊದಲು 590 ಹೋಯಿತು, ಅಂದರೆ 500 ದಂಡ, 90 ಜಿಎಸ್‌ಟಿ. ಉಳಿದಿದ್ದು 510. ಮುಂದಿನ ತಿಂಗಳು ಮತ್ತೆ 590, ಇದ್ದ 510 ಎತ್ತಿಕೊಂಡು 80 ಬಾಕಿ ಬರೆದುಕೊಂಡರು. ಅದರ ಮುಂದಿನ ತಿಂಗಳು ಇನ್ನೂ 590. ಅಣ್ಣ ಬಾಡಿಗೆಗೆ ಸಹಾಯ ಆಗಲಿ ಅಂತ ಮೂರು ಸಾವಿರ ಹಾಕಿದ, ಬಂದ ಕ್ಷಣವೇ 670 ಕಟ್! ಕೈಗೆ ಸಿಕ್ಕಿದ್ದು 2,330. ಕೆಲಸ ಬಿಟ್ಟವರು ಯಾರೇ ಆಗಲಿ, ಆ ಖಾತೆಯನ್ನು ಮೊದಲ ತಿಂಗಳೇ ಬೇಸಿಕ್ ಖಾತೆಗೆ ಬದಲಿಸಿ ಅಂತ ಬರೆದುಕೊಡಿ. ನಾನು ಕೊನೆಗೆ ಹಾಗೇ ಮಾಡಿದೆ, ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ.

ಮೈಸೂರು ಮನೆ: ಇಷ್ಟೆಲ್ಲ ಕಷ್ಟ ಯಾಕೆ ಪಡುತ್ತೀರಿ? ಸರ್ಕಾರಿ ಬ್ಯಾಂಕಿಗೆ ಬನ್ನಿ. ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲೇ ಎಲ್ಲ ಉಳಿತಾಯ ಖಾತೆಗಳಿಗೂ ಇದನ್ನು ತೆಗೆದಿದೆ, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ತೆಗೆದಿದೆ. ನಾನು ಖಾಸಗಿ ಬ್ಯಾಂಕಿನ ಖಾತೆ ಮುಚ್ಚಿ ಬಂದೆ, ನೆಮ್ಮದಿಯಾಗಿದ್ದೇನೆ. ರಿಸರ್ವ್ ಬ್ಯಾಂಕೇ ಈ ದಂಡವನ್ನು ನಿಲ್ಲಿಸಿದೆ, ಖಾಸಗಿಯವರು ಕದ್ದುಮುಚ್ಚಿ ಹಾಕುತ್ತಿದ್ದಾರೆ. ಗೊತ್ತಿದ್ದೂ ಅಲ್ಲೇ ಇರುವವರಿಗೆ ಏನು ಹೇಳುವುದು?

ಬಿಟಿಎಂ ಲೇಔಟ್: ಬ್ಯಾಂಕ್ ಆರಿಸಿದ್ದು ಕಂಪನಿ, ನಾನಲ್ಲ. ಕೆಲಸ ಕಳೆದುಕೊಂಡವರ ಮುಂದೆ ಹೀಗೆ ಮಾತಾಡಬೇಡಿ.

ನಿವೃತ್ತ ಕ್ಯಾಷಿಯರ್: ಮೈಸೂರಿನವರೇ, ಎರಡು ಬ್ಯಾಂಕಿನ ಮಾತು ಸರಿ, ರಿಸರ್ವ್ ಬ್ಯಾಂಕಿನದು ಸರಿಯಲ್ಲ. ಎಷ್ಟು ಇರಬೇಕು ಎನ್ನುವುದನ್ನು ಅದು ಆಯಾ ಬ್ಯಾಂಕಿಗೇ ಬಿಟ್ಟಿದೆ. 2014ರ ನವೆಂಬರ್‌ನಲ್ಲಿ ಸುತ್ತೋಲೆ ಬಂತು, 2015ರ ಏಪ್ರಿಲ್ 1ರಿಂದ ಜಾರಿ. ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ಎಸ್‌ಎಂಎಸ್, ಇಮೇಲ್ ಅಥವಾ ಕಾಗದದ ಮೂಲಕ ತಿಳಿಸಬೇಕು, ತಿಳಿಸಿದ ದಿನದಿಂದ ಒಂದು ತಿಂಗಳೊಳಗೆ ಸರಿಪಡಿಸದಿದ್ದರೆ ಮಾತ್ರ ದಂಡ. ದಂಡ ಕೊರತೆಯ ಪ್ರಮಾಣದಲ್ಲೇ ಇರಬೇಕು, ಅದರಿಂದಾಗಿ ಖಾತೆ ಮೈನಸ್‌ಗೆ ಹೋಗಬಾರದು. ತಂಗಿ, ನಿಮಗೆ ಎಸ್‌ಎಂಎಸ್ ಬಂದಿತ್ತಾ, ಯಾವ ತಾರೀಕು?

ಬಿಟಿಎಂ ಲೇಔಟ್: ಮೈನಸ್‌ಗೆ ಹೋಗಬಾರದು ಅಂದರೆ ನನ್ನ 80 ಬಾಕಿ, 670 ಕಟ್ ಹೇಗೆ?

ನಿವೃತ್ತ ಕ್ಯಾಷಿಯರ್: ಖಾತೆ ಸೊನ್ನೆಯಲ್ಲಿ ನಿಂತಿದೆ, ಮೈನಸ್ ತೋರಿಸಿಲ್ಲ, ಬಾಕಿಯನ್ನು ಬೇರೆ ಕಡೆ ಗುರುತು ಹಾಕಿಟ್ಟಿದ್ದೇವೆ ಅಂತ ಬ್ಯಾಂಕಿನವರ ವಾದ. ನನ್ನ ಪ್ರಕಾರ ಅದು ಸುತ್ತೋಲೆಯ ಉದ್ದೇಶಕ್ಕೆ ವಿರುದ್ಧ. ಆದರೆ ನಮ್ಮಲ್ಲೇ ಇದಕ್ಕೆ ಒಪ್ಪದ ಸಹೋದ್ಯೋಗಿಗಳಿದ್ದರು.

ಮೈಸೂರು ಮನೆ: ಒಪ್ಪದವರ ಬ್ಯಾಂಕ್ ಯಾವುದು ಅಂತ ಹೇಳಿ ನೋಡೋಣ.

ಹಾಸನದ ಹೊಲಿಗೆಯವಳು: ಸರ್, ಮೊಬೈಲ್‌ನಲ್ಲಿ ಹುಡುಕಿದೆ. ಜೂನ್ 12ಕ್ಕೆ ಒಂದು ಎಸ್‌ಎಂಎಸ್ ಇದೆ, ಇಂಗ್ಲಿಷ್‌ನಲ್ಲಿ. ಮೇ ತಿಂಗಳ ಬ್ಯಾಲೆನ್ಸ್ ಕಡಿಮೆ ಅಂತ ಇದೆಯಂತೆ, ಮಗಳು ಓದಿದಳು. ದುಡ್ಡು ಕಟ್ ಆಗಿದ್ದು ಜುಲೈ 5ಕ್ಕೆ.

ನಿವೃತ್ತ ಕ್ಯಾಷಿಯರ್: ಹಾಗಾದರೆ ಕೇಳಲು ನಿಮಗೆ ಜಾಗ ಇದೆ. ಒಂದು ತಿಂಗಳು ಅಂದರೆ ಜುಲೈ 12ರವರೆಗೆ ಸಮಯ, ಅವರು 5ಕ್ಕೇ ಕಟ್ ಮಾಡಿದ್ದಾರೆ. ಆ ಎಸ್‌ಎಂಎಸ್ ಮತ್ತು ಸ್ಟೇಟ್‌ಮೆಂಟ್ ಜೊತೆ ಶಾಖೆಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ಹಾಕಬಹುದು, ಶುಲ್ಕವಿಲ್ಲ. ‘ಸರಿಪಡಿಸಿದ್ದು’ ಅಂದರೆ ಒಂದು ದಿನ ಹತ್ತು ಸಾವಿರ ದಾಟಿದರೆ ಸಾಕಾ, ಪೂರ್ತಿ ಸರಾಸರಿ ಬರಬೇಕಾ ಎನ್ನುವುದರಲ್ಲಿ ಅವರು ವಾದ ಮಾಡುತ್ತಾರೆ. ನೀವು 28ಕ್ಕೇ ಹಾಕಿದ್ದೀರಿ, ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ತರಕಾರಿ ಮಂಡಿ: ನಾಲ್ಕುನೂರು ರೂಪಾಯಿಗೆ ಇಷ್ಟು ಓಡಾಟವಾ? ಒಂದು ದಿನದ ಹೊಲಿಗೆ ಹೋಗುತ್ತೆ.

ಬಿಟಿಎಂ ಲೇಔಟ್: ಅವರ ದುಡ್ಡು, ಅವರ ಓಡಾಟ. ಅಕ್ಕಾ, ದೂರು ಕೊಡಿ. ಮೇ ತಿಂಗಳಿಗೂ ಬೇರೆ ಕಟ್ ಆಗಿದೆಯಾ ಅಂತ ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿ.