ಅಂಪೈರ್ ತೀರ್ಪಿನ ‘ಸ್ಥಿರತೆ’: ಈ ಪದ ಇಲ್ಲಿ ಕೂರುತ್ತಾ?

ಪ್ರಶ್ನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ವಾರಪತ್ರಿಕೆಗೆ ಕ್ರಿಕೆಟ್ ಬರಹ ಬರೆಯುತ್ತಿದ್ದೇನೆ. ತುಂಬಾ ಪಂದ್ಯಗಳ ರಿವ್ಯೂ ಲೆಕ್ಕ ತೆಗೆದು, ಯಾವ ಅಂಪೈರ್ ಕೊಟ್ಟ ತೀರ್ಪು ಎಷ್ಟು ಸಲ ಬದಲಾಯಿತು ಅಂತ ಪಟ್ಟಿ ಮಾಡಿದ್ದೇನೆ. ಆ ಶೇಕಡಾವಾರಿನ ಮೇಲೆ ‘ತೀರ್ಪಿನ ಸ್ಥಿರತೆ’ ಅಂತ ತಲೆಬರಹ ಕೊಟ್ಟೆ. ಸಂಪಾದಕರು ‘ನಿಖರತೆ’ ಅನ್ನಿ ಅಂತಾರೆ. ಯಾವುದು ಸರಿ? ಇನ್ನೊಂದು. ತೀರ್ಪು ಬದಲಾಗದಿದ್ದರೆ ‘ಎತ್ತಿಹಿಡಿಯಲಾಯಿತು’ ಅಂತ ಬರೆದಿದ್ದೇನೆ, ಕೋರ್ಟ್ ಸುದ್ದಿಯಲ್ಲಿ ಬರೆಯುವ ಹಾಗೆ. ನಡೆಯುತ್ತಾ?

ಉತ್ತರ (ಚಿತ್ರದುರ್ಗ)

ಸಂಪಾದಕರು ಹೇಳಿದ್ದೇ ಸರಿ ಸರ್. ಸ್ಥಿರತೆ ಅಂದ್ರೆ ಅಲುಗಾಡದೆ ಇರೋದು, ಅದನ್ನ ನಮ್ಮ ಕೋಟೆ ಗೋಡೆಗೆ ಹೇಳಬಹುದು. ತೀರ್ಪು ಕಡಿಮೆ ಬದಲಾದಷ್ಟೂ ಅಂಪೈರ್ ನಿಖರ, ಅಷ್ಟೇ. ‘ಎತ್ತಿಹಿಡಿ’ ಕೂಡ ಸರಿ. ಅಂಪೈರ್ಸ್ ಕಾಲ್ ಅಂತ ಬಂದರೂ ಅವರು ಹೇಳಿದ್ದೇ ಸರಿ ಅಂತ ತಾನೇ?

ಉತ್ತರ (ದಾವಣಗೆರೆ, ಸಂಖ್ಯಾಶಾಸ್ತ್ರ ಪಾಠ ಮಾಡುವವಳು)

ಇಲ್ಲ ಸರ್, ಅಲ್ಲೇ ಇರೋದು ತೊಡಕು. ಎಲ್‌ಬಿಡಬ್ಲ್ಯೂ ರಿವ್ಯೂ ಒಂದನ್ನು ನೋಡಿ. ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಲೆಗ್ ಸ್ಟಂಪಿಗೆ ಸವರುತ್ತೆ ಅಂತ ಪರದೆ ತೋರಿಸಿತು. ಆಗ ಮೈದಾನದಲ್ಲಿ ಔಟ್ ಕೊಟ್ಟಿದ್ದರೆ ಔಟೇ, ನಾಟೌಟ್ ಅಂದಿದ್ದರೆ ನಾಟೌಟೇ, ಅಂಪೈರ್ಸ್ ಕಾಲ್ ಅಂದ್ರೆ ಇದೇ. ಈಗ ಒಬ್ಬ ಅಂಪೈರ್ ಬೆಳಗ್ಗೆ ಇಂಥ ಚೆಂಡಿಗೆ ಬೆರಳೆತ್ತಿದರು, ಸಂಜೆ ಅಂಥದ್ದೇ ಚೆಂಡಿಗೆ ತಲೆ ಅಲ್ಲಾಡಿಸಿದರು. ಎರಡೂ ರಿವ್ಯೂಗೆ ಹೋದವು, ಎರಡೂ ಉಳಿದವು. ಬದಲಾದ ತೀರ್ಪು ಸೊನ್ನೆ. ಆದರೆ ಒಂದೇ ಥರದ ಚೆಂಡಿಗೆ ಎರಡು ತೀರ್ಪು ಬಂತಲ್ಲ, ಸ್ಥಿರತೆ ಇಲ್ಲ ಅಂದ್ರೆ ಇದೇ. ಪಟ್ಟಿಗೆ ಅದು ಕಾಣೋದೇ ಇಲ್ಲ.

ತಿರುಗಿಸಿಯೂ ನೋಡಿ. ಮುಂದೆ ಕಾಲಿಟ್ಟು ಆಡಿದವರಿಗೆ ಯಾವತ್ತೂ ಔಟ್ ಕೊಡದ ಅಂಪೈರ್ ಇದ್ದರೆ, ಅವರ ತೀರ್ಪು ಜಾಸ್ತಿ ಬದಲಾಗಬಹುದು. ಆದರೂ ಅವರ ಅಳತೆ ಒಂದೇ. ಅವರು ಸ್ಥಿರ, ಆದರೆ ನಿಖರ ಅಲ್ಲ.

‘ಎತ್ತಿಹಿಡಿ’ ಅನ್ನೋದನ್ನ ಅಂಪೈರ್ಸ್ ಕಾಲ್‌ಗೆ ಬಳಸಬೇಡಿ. ಅಲ್ಲಿ ಯಾರೂ ‘ಇದು ಸರಿ’ ಅಂದಿಲ್ಲ, ಬದಲಿಸುವಷ್ಟು ಸಾಕ್ಷಿ ಇಲ್ಲ ಅಂದಿದ್ದಾರೆ. 2017ರಿಂದ ಅಂಪೈರ್ಸ್ ಕಾಲ್ ಬಂದರೆ ತಂಡದ ರಿವ್ಯೂ ಕೂಡ ಕಳೆದುಹೋಗಲ್ಲ. ‘ಹಾಗೇ ಉಳಿಯಿತು’ ಅಂತ ಬೇರೆ ಕಾಲಂ ಮಾಡಿ.

ಉತ್ತರ (ದಾವಣಗೆರೆ)

ನಮ್ಮ ಟೆನಿಸ್ ಬಾಲ್ ಟೂರ್ನಿಗೂ ಒಂದು ಪದ ಹೇಳ್ರಪ್ಪಾ. ಅಲ್ಲಿ ಎಲ್‌ಬಿಡಬ್ಲ್ಯೂನೇ ಇಲ್ಲ, ಇರೋದೆಲ್ಲ ರನೌಟ್ ಜಗಳ. ಅಂಪೈರ್ ಬ್ಯಾಟಿಂಗ್ ಟೀಮಿನ ಹುಡುಗನೇ. ನಾನು ಕ್ರೀಸಿಗೆ ಒಂದು ಮಾರು ದೂರ ಇದ್ದೆ ಅಂತ ಔಟ್ ಕೊಟ್ಟ, ಮುಂದಿನ ಓವರಲ್ಲಿ ಅವರಣ್ಣ ಅಷ್ಟೇ ದೂರ ಇದ್ದ, ನಾಟೌಟ್! ರಿವ್ಯೂ ಅಂದ್ರೆ ಗಂಟಲು ದೊಡ್ಡದಿದ್ದವನದ್ದೇ.

ಪ್ರಶ್ನೆ ಕೇಳಿದವರು

ಅಣ್ಣಾ, ನಿಮ್ಮ ಕಥೆಗೆ ಬೇರೆ ಬರಹವೇ ಬೇಕು. ಮೇಡಂ, ಪಂದ್ಯ ಜಾಸ್ತಿ ತಗೊಂಡರೆ ಈ ಏರುಪೇರು ಸರಿಹೋಗಲ್ವಾ?

ಉತ್ತರ (ಸಂಖ್ಯಾಶಾಸ್ತ್ರ ಪಾಠ ಮಾಡುವವಳು)

ಅದೃಷ್ಟದ ಪಾಲು ಕಡಿಮೆ ಆಗುತ್ತೆ, ಆಯ್ಕೆಯ ಪಾಲು ಹಾಗೇ ಇರುತ್ತೆ. ಸುಮ್ನೆ ಅಂಕಿ ಇಟ್ಟುಕೊಂಡು ಹೇಳ್ತೀನಿ. ಇಬ್ಬರು ಅಂಪೈರ್‌ಗೂ 160 ಎಲ್‌ಬಿಡಬ್ಲ್ಯೂ ಮನವಿ ಬಂದವು ಅನ್ನಿ. ಮೊದಲನೆಯವರದ್ದು 40 ರಿವ್ಯೂಗೆ ಹೋಗಿ 10 ಬದಲಾದವು, ಶೇ. 25. ಎರಡನೆಯವರದ್ದು 20 ಹೋಗಿ 8 ಬದಲಾದವು, ಶೇ. 40. ನಿಮ್ಮ ಪಟ್ಟಿಯಲ್ಲಿ ಎರಡನೆಯವರು ಕೆಳಗೆ. ಆದರೆ 160ರಲ್ಲಿ ಬದಲಾದದ್ದು ಎಣಿಸಿದರೆ 10 ಮತ್ತು 8, ಅವರೇ ವಾಸಿ. ಅದೂ 20 ಅನ್ನೋದು ಚಿಕ್ಕ ಸಂಖ್ಯೆ. ಎರಡು ರಿವ್ಯೂ ಆಚೀಚೆ ಆದರೆ ಶೇ. 40 ಹೋಗಿ 30 ಇಲ್ಲವೇ 50 ಆಗುತ್ತೆ.

ಯಾವ ತೀರ್ಪನ್ನು ಪ್ರಶ್ನಿಸಬೇಕು ಅಂತ ಆರಿಸೋದು ಆಟಗಾರರು. ಇನಿಂಗ್ಸ್ ಮುಗಿಯುತ್ತಾ ಬಂತು, ಕೈಯಲ್ಲಿ ರಿವ್ಯೂ ಉಳಿದಿದೆ ಅಂದ್ರೆ ನಂಬಿಕೆ ಇಲ್ಲದೆಯೂ ಕೇಳಿಬಿಡ್ತಾರೆ. ಅಂಥವು ಸೇರಿದಷ್ಟೂ ಶೇಕಡಾ ಇಳಿಯುತ್ತೆ, ಅಂಪೈರ್ ಸುಧಾರಿಸಿದ ಹಾಗೆ ಕಾಣುತ್ತೆ. ರಿವ್ಯೂ ಮುಗಿದ ಮೇಲೆ ಆದ ತಪ್ಪು ಲೆಕ್ಕಕ್ಕೇ ಬರಲ್ಲ. ಸ್ಥಿರತೆ ಅಳೆಯಲೇಬೇಕು ಅಂದ್ರೆ ರಿವ್ಯೂಗೆ ಹೋಗದ ಮನವಿಗಳ ಚೆಂಡಿನ ಜಾಡೂ ಬೇಕು. ಸ್ಟಂಪಿನ ಒಂದೇ ಜಾಗಕ್ಕೆ ಹೋಗುತ್ತಿದ್ದ ಚೆಂಡುಗಳನ್ನು ಗುಂಪು ಮಾಡಿ, ಎಷ್ಟಕ್ಕೆ ಔಟ್ ಕೊಟ್ಟರು ಅಂತ ನೋಡಬೇಕು. ಅದಿಲ್ಲದಿದ್ದರೆ ‘ರಿವ್ಯೂನಲ್ಲಿ ಬದಲಾದ ತೀರ್ಪು’ ಅಂತಷ್ಟೇ ಬರೆಯಿರಿ, ಪಕ್ಕದಲ್ಲಿ ಒಟ್ಟು ರಿವ್ಯೂ ಮತ್ತು ಒಟ್ಟು ಮನವಿ ಕೊಡಿ.

ಉತ್ತರ (ಚಿತ್ರದುರ್ಗ)

ಅಂಪೈರ್ಸ್ ಕಾಲ್ ವಿಷಯ ಒಪ್ಪಿದೆ ಮೇಡಂ. ಆದರೆ ಓದುಗರು ಕೇಳೋದು ಅಂಪೈರ್ ಹೇಗೆ ಅಂತ, ರಿವ್ಯೂ ಹೇಗೆ ಅಂತಲ್ಲ. ನಿಮ್ಮ ತಲೆಬರಹ ಅದನ್ನ ಹೇಳಲ್ಲ. ಜಾಡಿನ ಲೆಕ್ಕ ಸಿಕ್ಕಿದ ದಿನ ‘ಸ್ಥಿರತೆ’ಗಿಂತ ‘ಏಕರೂಪತೆ’ ವಾಸಿ.

ಪ್ರಶ್ನೆ ಕೇಳಿದವರು

‘ಏಕರೂಪತೆ’ ಯೂನಿಫಾರಂ ಥರ ಕೇಳಿಸುತ್ತೆ ಸರ್. ಮೇಡಂ ಬರೆದ ‘ಅಳತೆ ಒಂದೇ’ ಅನ್ನೋದು ನನಗೆ ಹಿಡಿಸಿತು, ಕಾಲಂ ತಲೆಗೆ ಕೂರಿಸೋದು ಕಷ್ಟ. ಸದ್ಯಕ್ಕೆ ‘ಬದಲಾಯಿತು’, ‘ಹಾಗೇ ಉಳಿಯಿತು’, ‘ಸರಿ ಇತ್ತು’ ಅಂತ ಮೂರು ಕಾಲಂ ಹಾಕ್ತೀನಿ. ಮನವಿಗಳ ಲೆಕ್ಕ ನನ್ನ ಹತ್ತಿರ ಇಲ್ಲ. ಸ್ಕೋರ್‌ಕಾರ್ಡಲ್ಲೂ ಅದು ಇರಲ್ಲ, ಓವರ್ ಓವರ್ ವಿಡಿಯೊ ನೋಡಿ ಎಣಿಸಬೇಕು. ಯಾರಾದರೂ ಎಣಿಸಿದ್ದರೆ ತಿಳಿಸಿ.