ಕ್ರೆಡಿಟ್ ಕಾರ್ಡ್ ಬಿಲ್ ಸಮಯಕ್ಕೇ ಕಟ್ಟಿದ್ದೆ, ಆದರೂ 2,154 ರೂ. ಬಡ್ಡಿ ಹಾಕಿದ್ದಾರೆ. ಯಾಕೆ?

ಸಂಜೆಗಾಳಿ · ಜುಲೈ 11, ಬೆಳಿಗ್ಗೆ 9:10
ನಿನ್ನೆ ಸ್ಟೇಟ್‌ಮೆಂಟ್ ಬಂತು. ಬಡ್ಡಿ 2,154.09, ಅದರ ಮೇಲೆ ಜಿಎಸ್‌ಟಿ 387.74. ಜೂನ್ 30 ಕೊನೇ ದಿನ, ನಾನು 28ಕ್ಕೇ ಕಟ್ಟಿದ್ದೇನೆ. ಮೆಸೇಜ್ ಕೂಡ ಬಂದಿದೆ. ಎರಡು ವರ್ಷದಲ್ಲಿ ಒಂದು ದಿನ ತಡ ಮಾಡಿದವಳಲ್ಲ. ಕಸ್ಟಮರ್ ಕೇರ್‌ನವರು "ನಿಯಮದ ಪ್ರಕಾರವೇ ಹಾಕಿದ್ದೇವೆ ಮೇಡಂ" ಅಂತ ಅದೇ ಮಾತು ಮೂರು ಸಲ ಹೇಳಿ ಫೋನ್ ಇಟ್ಟರು. ಹೊಟ್ಟೆ ಉರೀತಿದೆ. ವಾಪಸ್ ತೆಗೆಸೋದು ಹೇಗೆ?

ಮಿಂಚುಹುಳ · 9:32
ಗೊತ್ತಾಯ್ತು ಬಿಡಿ. ನೀವು 28ಕ್ಕೆ ಕಟ್ಟಿದ್ದು ಅವರ ಖಾತೆಗೆ ಜಮಾ ಆಗುವಾಗ ಜುಲೈ ಆಗಿರುತ್ತೆ. ನನಗೂ ಹೀಗೇ ಆಗಿತ್ತು. ಯಾವ ಆ್ಯಪ್‌ನಿಂದ ಕಟ್ಟಿದ್ರಿ?

ಸಂಜೆಗಾಳಿ · 9:40
ಬ್ಯಾಂಕಿನ ಆ್ಯಪ್‌ನಿಂದಲೇ. ಸ್ಟೇಟ್‌ಮೆಂಟಲ್ಲೂ ಜೂನ್ 28 ಅಂತಲೇ ಇದೆ.

ಮಿಂಚುಹುಳ · 9:47
ಅಲ್ಲಿ ಕಾಣೋ ದಿನಾಂಕ ಬೇರೆ, ಜಮಾ ದಿನಾಂಕ ಬೇರೆ ಇರಬಹುದು. ಯುಟಿಆರ್ ನಂಬರ್ ಹಾಕಿ ದೂರು ಕೊಡಿ.

ಆರುಕಾರ್ಡು · 10:05
ಇದಕ್ಕೇ ನಾನು ಆರೂ ಕಾರ್ಡಿಗೆ ಆಟೋ ಡೆಬಿಟ್ ಹಾಕಿಟ್ಟಿರೋದು. ಆರಕ್ಕೂ ಬಿಲ್ ದಿನ ಬೇರೆ ಬೇರೆ, ಯಾವುದರ ಬಿಲ್ ನಿನ್ನೆ ಆಗಿದೆಯೋ ಅದರಲ್ಲಿ ದೊಡ್ಡ ಖರೀದಿ ಮಾಡ್ತೀನಿ. ಹೆಚ್ಚುಕಮ್ಮಿ 50 ದಿನ ಬಡ್ಡಿ ಇಲ್ಲ. ಒಂದು ಶೀಟ್ ಮಾಡಿದ್ದೀನಿ, ಬೇಕಾದವರು ಕೇಳಿ.

ಹಸಿರುಪೆನ್ನು · 10:20
ಶೀಟ್ ನನಗೆ ಬೇಕು ಸರ್. ನನ್ನದು ಇನ್ನೊಂದು ಪ್ರಶ್ನೆ. ಕಾರ್ಡಿಂದ ಎಟಿಎಮ್‌ನಲ್ಲಿ ನಗದು ತೆಗೆದೆ, ತೆಗೆದ ದಿನದಿಂದಲೇ ಬಡ್ಡಿ ಹಾಕಿದ್ದಾರೆ. ಇವರದ್ದೂ ಅದೇ ಇರಬೇಕು.

ಲೆಕ್ಕದಪುಸ್ತಕ · 11:15
ನಗದಿಗೆ ಬಡ್ಡಿರಹಿತ ಅವಧಿಯೇ ಇರೋದಿಲ್ಲ ಹಸಿರುಪೆನ್ನು ಅವರೇ, ನಿಮ್ಮದು ಬೇರೆ ವಿಷಯ. ಸಂಜೆಗಾಳಿ ಅವರೇ, ಜೂನ್ 10ರ ಬಿಲ್‌ನಲ್ಲಿ ಒಟ್ಟು ಎಷ್ಟಿತ್ತು, 28ಕ್ಕೆ ಕಟ್ಟಿದ್ದು ಎಷ್ಟು, ಆಮೇಲೆ ಏನಾದರೂ ಖರೀದಿ ಮಾಡಿದ್ರಾ? ದಿನಾಂಕ ಸಮೇತ ಬರೀರಿ. ಬಡ್ಡಿ ದರ ಸ್ಟೇಟ್‌ಮೆಂಟ್‌ನ ಹಿಂದಿನ ಪುಟದಲ್ಲಿರುತ್ತೆ.

ಸಂಜೆಗಾಳಿ · 11:48
ಒಟ್ಟು 40,000. ಅದು ಒಂದೇ ಖರೀದಿ, ಮೇ 16ರದ್ದು. ಮಿನಿಮಮ್ ಡ್ಯೂ 2,000 ಇತ್ತು, ನಾನು 36,000 ಕಟ್ಟಿದೆ. ಉಳಿದಿದ್ದು ಬರೀ 4,000, ಸಂಬಳ ಬಂದಮೇಲೆ ಕಟ್ಟೋಣ ಅಂದ್ಕೊಂಡೆ. ಜುಲೈ 1ಕ್ಕೆ 10,000ದ್ದು ಒಂದು ಖರೀದಿ. ದರ ತಿಂಗಳಿಗೆ 3.5, ವರ್ಷಕ್ಕೆ 42 ಅಂತಿದೆ. ಹಾಗೆ ನೋಡಿದ್ರೂ 4,000ಕ್ಕೆ 140 ರೂಪಾಯಿ ಆಗಬೇಕಲ್ವಾ?

ಮಿಂಚುಹುಳ · 11:55
ಮಿನಿಮಮ್‌ಗಿಂತ 18 ಪಟ್ಟು ಕಟ್ಟಿದ್ದೀರಿ! ಮಿನಿಮಮ್ ಕಟ್ಟಿದವರಿಗೆ ಬಡ್ಡಿ ಹಾಕೋ ಹಾಗೇ ಇಲ್ಲ. ಖಂಡಿತ ಜಮಾ ದಿನಾಂಕದ್ದೇ ಸಮಸ್ಯೆ.

ಲೆಕ್ಕದಪುಸ್ತಕ · 12:40
ಮಿಂಚುಹುಳ ಅವರೇ, ಮಿನಿಮಮ್ ಕಟ್ಟಿದ್ರೆ ತಪ್ಪೋದು ತಡದ ದಂಡ, ಜೊತೆಗೆ ಕ್ರೆಡಿಟ್ ವರದಿಯಲ್ಲಿ ಬಾಕಿದಾರ ಅನ್ನಿಸಿಕೊಳ್ಳೋದು. ಬಡ್ಡಿ ತಪ್ಪೋದಿಲ್ಲ. ಬಡ್ಡಿ ತಪ್ಪಬೇಕಾದರೆ ಬಿಲ್‌ನ ಪೂರ್ತಿ ಮೊತ್ತ ಕೊನೇ ದಿನದೊಳಗೆ ಹೋಗಬೇಕು. ನಡುವೆ ಇನ್ನೊಂದು ಮೆಟ್ಟಿಲಿಲ್ಲ.

ಬಡ್ಡಿರಹಿತ ಅವಧಿ ಒಂದು ಷರತ್ತಿನ ಮೇಲೆ ಕೊಟ್ಟ ರಿಯಾಯಿತಿ. ಮೇ 16ರಿಂದ ಜೂನ್ 30ರವರೆಗೆ ಇವರಿಗೆ 45 ದಿನ ಸಿಕ್ಕಿತ್ತು. ಷರತ್ತು ತಪ್ಪಿದ ಕೂಡಲೇ ಆ 45 ದಿನವೂ ಇರಲೇ ಇಲ್ಲ ಅನ್ನೋ ಹಾಗೆ ಲೆಕ್ಕ ಖರೀದಿಯ ದಿನಕ್ಕೆ ಹಿಂದೆ ಹೋಗುತ್ತೆ. ಮೇ 16ರಿಂದ ಜೂನ್ 27ರವರೆಗೆ, 43 ದಿನ ಪೂರ್ತಿ 40,000ವೂ ನಿಮ್ಮ ಮೇಲಿತ್ತು. ನೀವು ಕಟ್ಟಿದ 36,000 ಜೂನ್ 28ರಿಂದ ಆಚೆಗೆ ಮಾತ್ರ ಬಡ್ಡಿ ಕಮ್ಮಿ ಮಾಡುತ್ತೆ, ಅದಕ್ಕೂ ಹಿಂದಿನದನ್ನು ಅಳಿಸಲ್ಲ.

```
40000 × 43 × 42 ÷ 36500 = 1979.18
 4000 × 13 × 42 ÷ 36500 =   59.84
10000 × 10 × 42 ÷ 36500 =  115.07
                  ಒಟ್ಟು = 2154.09
```

ಎರಡನೇ ಸಾಲು ಉಳಿದ 4,000ದ್ದು, ಜೂನ್ 28ರಿಂದ ಜುಲೈ 10ರವರೆಗೆ. ಮೂರನೇದು ಜುಲೈ 1ರ ಹೊಸ ಖರೀದಿ. ಹಳೇ ಬಾಕಿ ಇರುವಾಗ ಹೊಸದಕ್ಕೂ ಒಂದು ದಿನದ ರಿಯಾಯಿತಿಯೂ ಸಿಗಲ್ಲ, ಮೊದಲ ದಿನದಿಂದಲೇ ಓಡುತ್ತೆ. ಮೊತ್ತ ಪೈಸೆಗೆ ಪೈಸೆ ಹೊಂದುತ್ತೆ, ಹಾಗಾಗಿ ಜಮಾ ದಿನಾಂಕ ಜೂನ್ 28ನ್ನೇ ಹಿಡಿದಿದ್ದಾರೆ. ತಡ ಅಂತ ಲೆಕ್ಕ ಹಾಕಿದ್ದರೆ ಇದಕ್ಕಿಂತ ಜಾಸ್ತಿ ಬರ್ತಿತ್ತು.

ಸಂಜೆಗಾಳಿ · 1:05
ಅಂದ್ರೆ ಆ 4,000 ಯಾರ ಹತ್ರನಾದ್ರೂ ಎರಡು ದಿನಕ್ಕೆ ಕೈಸಾಲ ತಗೊಂಡಿದ್ರೆ ಬಡ್ಡಿ ಸೊನ್ನೆ? ಓದಿ ಕಣ್ಣಲ್ಲಿ ನೀರು ಬಂತು ಸರ್.

ಲೆಕ್ಕದಪುಸ್ತಕ · 1:20
ಸೊನ್ನೆ. ಈಗ ಮಾಡಬೇಕಾದ್ದು ಹೇಳ್ತೀನಿ. ಈ ಬಿಲ್ 16,541.83 ಇರಬೇಕು, ನೋಡಿ. ಅದನ್ನು ಜುಲೈ 30ರವರೆಗೆ ಇಟ್ಕೋಬೇಡಿ. ಪ್ರತಿದಿನ ಓಡ್ತಿದೆ. 15ಕ್ಕೆ ಕಟ್ಟಿದ್ರೆ 14,000ದ ಮೇಲೆ ಇನ್ನು ನಾಲ್ಕು ದಿನದ್ದು, ಸುಮಾರು 65 ರೂಪಾಯಿ, ಆಗಸ್ಟ್ ಬಿಲ್‌ನಲ್ಲಿ ಬಾಲದ ಹಾಗೆ ಬರುತ್ತೆ. 30ಕ್ಕೆ ಕಟ್ಟಿದ್ರೆ ಅದೇ 306. ಕೆಲವು ಬ್ಯಾಂಕುಗಳು ಹಾಕಿದ ಬಡ್ಡಿಯನ್ನೂ ಬಾಕಿಗೆ ಸೇರಿಸ್ತಾರೆ, ಆಗ ಸ್ವಲ್ಪ ಜಾಸ್ತಿ. ಪೂರ್ತಿ ಕಟ್ಟಿದಮೇಲೂ ಬಡ್ಡಿ ಬಂತಲ್ಲ ಅಂತ ಆಗ ಗಾಬರಿ ಆಗಬೇಡಿ. ಹಣ ಕಟ್ಟೋವರೆಗೆ ಕಾರ್ಡ್ ಉಜ್ಜಲೂಬೇಡಿ.

ಆರುಕಾರ್ಡು · 2:10
ಆಟೋ ಡೆಬಿಟ್ ಇದ್ದಿದ್ರೆ ಈ ತಾಪತ್ರಯ ಇರ್ತಿರಲಿಲ್ಲ ಅಂತ ಆಗಲೇ ಹೇಳಿದೆ.

ಲೆಕ್ಕದಪುಸ್ತಕ · 2:25
ಆಟೋ ಡೆಬಿಟ್‌ನಲ್ಲಿ ಒಟ್ಟು ಬಾಕಿ, ಮಿನಿಮಮ್ ಅಂತ ಎರಡು ಆಯ್ಕೆ ಇರುತ್ತೆ. ಆರೂ ಕಾರ್ಡಲ್ಲಿ ಯಾವುದಿದೆ ಅಂತ ಒಮ್ಮೆ ನೋಡಿಬಿಡಿ ಸರ್.

ಆರುಕಾರ್ಡು · 2:58
ಐದರಲ್ಲಿ ಒಟ್ಟು ಇದೆ. ಒಂದರಲ್ಲಿ ಮಿನಿಮಮ್ ಇತ್ತು. ಆ ಕಾರ್ಡ್ ಹೆಚ್ಚು ಬಳಸಲ್ಲ. ಈಗ ಬದಲಾಯಿಸಿದೆ.

ಮಿಂಚುಹುಳ · 3:30
ಲೆಕ್ಕ ಒಪ್ಪಿದೆ. ಆದರೂ ಒಂದು ಸಲ ಕೇಳಿದ್ರೆ ಮಾಫಿ ಮಾಡ್ತಾರೆ, ನನಗೆ ದಂಡ ಬಿಟ್ಟಿದ್ದರು.

ಲೆಕ್ಕದಪುಸ್ತಕ · 3:41
ದಂಡ ಬೇರೆ, ಬಡ್ಡಿ ಬೇರೆ. ಕೇಳೋದಕ್ಕೇನೂ ತೊಂದರೆ ಇಲ್ಲ, ಕೇಳಿ. ಉತ್ತರ ಬರೋವರೆಗೆ ಕಟ್ಟದೆ ಮಾತ್ರ ಕೂರಬೇಡಿ.

ಸಂಜೆಗಾಳಿ · ಆಗಸ್ಟ್ 11, ಬೆಳಿಗ್ಗೆ 8:50
ಜುಲೈ 15ಕ್ಕೆ 16,541.83 ಪೂರ್ತಿ ಕಟ್ಟಿದ್ದೆ. ನಿನ್ನೆ ಬಿಲ್‌ನಲ್ಲಿ ಬಡ್ಡಿ 64.44, ಜಿಎಸ್‌ಟಿ 11.60. ನೀವು ಹೇಳಿದ ಹಾಗೇ ಬಂತು ಸರ್. ಜುಲೈ 20ಕ್ಕೆ 1,500ದ್ದು ಒಂದು ತಗೊಂಡಿದ್ದೆ, ಅದಕ್ಕೆ ಬಡ್ಡಿ ಹಾಕಿಲ್ಲ. ಮಾಫಿ ಕೇಳಿದ್ದಕ್ಕೆ ಆಗಲ್ಲ ಅಂದ್ರು.

ಹಸಿರುಪೆನ್ನು · 9:15
ನನಗೆ ಪೂರ್ತಿ ಕಟ್ಟಿ ವಾರ ಆದಮೇಲೆ ತಗೊಂಡದ್ದಕ್ಕೂ ಆ ತಿಂಗಳು ಬಡ್ಡಿ ಹಾಕಿದ್ದಾರಲ್ಲ?

ಲೆಕ್ಕದಪುಸ್ತಕ · 9:50
ರಿಯಾಯಿತಿ ಮತ್ತೆ ಯಾವಾಗ ಶುರು ಅನ್ನೋದು ಕಾರ್ಡಿಂದ ಕಾರ್ಡಿಗೆ ಬದಲಾಗುತ್ತೆ, ನಿಮ್ಮ ಕಾರ್ಡಿನ ಷರತ್ತುಗಳ ಪತ್ರ ತೆಗೆದು ನೋಡಬೇಕು. ಆ ನಗದಿನ ಬಾಕಿ ಪೂರ್ತಿ ತೀರಿತ್ತಾ? ಬಡ್ಡಿಯ ಸಾಲೂ ದಿನಾಂಕಗಳೂ ಇಲ್ಲಿ ಹಾಕಿ.

ಹಸಿರುಪೆನ್ನು · 10:02
ಸಂಜೆ ಮನೆಗೆ ಹೋಗಿ ಹಾಕ್ತೀನಿ. ಆರುಕಾರ್ಡು ಸರ್, ಆ ಶೀಟ್?