‘ಪೇಳಲಿ’ ಅಂತ ಇದ್ದರೆ ದಾಸರ ಪದವೇ?

ನಮಸ್ಕಾರ. ಅಜ್ಜಿ ಹಾಡಿದ ಒಂದು ಹಾಡು ಹಳೇ ಕ್ಯಾಸೆಟ್ಟಿನಲ್ಲಿ ಸಿಕ್ಕಿದೆ. ಕೊನೆಯ ನುಡಿ ಬರುವ ಮೊದಲೇ ಟೇಪು ಮುಗಿದುಹೋಗಿದೆ. ಪಲ್ಲವಿ ಹೀಗಿದೆ:

ಯಾರಿಗೆ ಪೇಳಲಿ ಬಾಳಿನ ಬೇಗೆ
ಒಲವಿನ ದೋಣಿಯು ಸಾಗಲಿ ಹೇಗೆ

‘ಪೇಳಲಿ’ ಇರುವುದರಿಂದ ದಾಸರ ಪದ ಅಂತ ಅಮ್ಮ ಹೇಳ್ತಾರೆ. ಬರೆದವರು ಯಾರಿರಬಹುದು?

ಉತ್ತರ 1

ಅಮ್ಮ ಹೇಳಿದ್ದು ಸರಿ. ‘ಪೇಳು’ ಹಳೆಯ ರೂಪ, ‘ಹೇಳು’ ಆಮೇಲೆ ಬಂದದ್ದು. ಕೊನೆಯ ನುಡಿ ಸಿಕ್ಕರೆ ಬರೆದ ದಾಸರ ಗುರುತಾದ ಅಂಕಿತ ಇದ್ದೇ ಇರುತ್ತದೆ, ನೋಡಿ.

ಉತ್ತರ 2

ಪೇಳು ಹಳೆಯದು, ನಿಜ. ಆದರೆ ಹಾಡೂ ಹಳೆಯದು ಅಂತ ಅದರಿಂದ ಹೇಳಲಾಗದು. ಮಾತ್ರೆ ಎಣಿಸಿ ನೋಡಿ: ಯಾರಿಗೆ, ಪೇಳಲಿ, ಬಾಳಿನ, ಎಲ್ಲವೂ ನಾಲ್ಕು ನಾಲ್ಕು; ಸಾಲಿನ ಕೊನೆಯ ‘ಬೇಗೆ’ಯನ್ನು ಎಳೆದು ಹಾಡಿದರೆ ಅದೂ ನಾಲ್ಕು. ‘ಹೇಳಲಿ’ ಅಂತ ಹಾಕಿದ್ದರೂ ನಾಲ್ಕೇ. ಅಂದರೆ ಛಂದಸ್ಸಿಗಾಗಿ ಅಲ್ಲ, ಹಳತಿನ ಸೊಗಡು ಬರಲಿ ಅಂತಲೇ ಕವಿ ಈ ಪದ ಆರಿಸಿದ್ದಾರೆ. 1950, 60ರ ದಶಕದ ಪೌರಾಣಿಕ ಚಿತ್ರಗಳಲ್ಲಿ ಇಂಥ ಮಾತು ಬೇಕಾದಷ್ಟಿವೆ.

ನನಗೆ ಇನ್ನೂ ಬಲವಾದ ಸುಳಿವು ಅಂತ ಕಾಣುವುದು ಪ್ರಾಸ. ದಾಸರು ಸಾಮಾನ್ಯವಾಗಿ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇಡುತ್ತಾರೆ. ಇಲ್ಲಿ ‘ಯಾರಿಗೆ’ಯ ರ-ಕಾರಕ್ಕೆ ‘ಒಲವಿನ’ದ ಲ-ಕಾರ ಕೂಡುವುದಿಲ್ಲ. ಬೇಗೆ, ಹೇಗೆ ಅಂತ ಪ್ರಾಸ ಸಾಲಿನ ಕೊನೆಗೆ ಹೋಗಿದೆ. ಆ ಎರಡನೇ ಅಕ್ಷರದ ಕಟ್ಟನ್ನು ಗೋವಿಂದ ಪೈ ಬಿಟ್ಟದ್ದು 1911ರಲ್ಲಿ. ಇನ್ನು ‘ಒಲವಿನ ದೋಣಿ’ಯ ಧಾಟಿ ಅಪ್ಪಟ ಭಾವಗೀತೆಯದು. ದಾಸರಲ್ಲೂ ದೋಣಿ ಉಂಟು, ಆದರೆ ಅದು ದಾಟಿಸುವುದು ಸಂಸಾರಸಾಗರವನ್ನು. ಹಾಗಾಗಿ ಇದು ಸಿನಿಮಾ ಹಾಡೋ ನಾಟಕದ ಹಾಡೋ ಇರಬೇಕು.

ಉತ್ತರ 3

ನಂದೂ ಇಂಥದೇ ಕಥೆ. ‘ಕೃಷ್ಣಾ ನೀ ಬೇಗನೆ ಬಾರೋ’ ಪುರಂದರದಾಸರದು ಅಂತ ಎಷ್ಟೋ ವರ್ಷ ವಾದ ಮಾಡಿದ್ದೆ! ಕೊನೆಗೆ ‘ಉಡುಪಿ ಶ್ರೀಕೃಷ್ಣ’ ಅಂತ ಬರುತ್ತದೆ, ಅದರಲ್ಲಿನ ‘ಶ್ರೀಕೃಷ್ಣ’ ವ್ಯಾಸರಾಯರ ಅಂಕಿತ. ನಿಮ್ಮ ಹಾಡು ಯಾವ ರಾಗದಲ್ಲಿದೆ?

ಉತ್ತರ 2, ಮತ್ತೆ

ರಾಗದಿಂದ ಕವಿ ಸಿಗುವುದಿಲ್ಲ ಸ್ವಾಮಿ, ಅದನ್ನು ಯಾರು ಬೇಕಾದರೂ ಬದಲಾಯಿಸಬಹುದು.

ಕೇಳಿದವರು

ಹಾಗಾದರೆ ಆಗ ಸಿನಿಮಾ ಹಾಡು ಬರೆಯುತ್ತಿದ್ದ ಕು.ರಾ.ಸೀತಾರಾಮ ಶಾಸ್ತ್ರಿಗಳದು ಅಂತ ಬರೆದುಕೊಳ್ಳಲೇ?

ಉತ್ತರ 2

ಬೇಡ. ಕಾಲ ಹೇಳಬಹುದು, ಹೆಸರು ಹೇಳಲಾಗದು. ಆಗ ಕಣಗಾಲ್ ಪ್ರಭಾಕರ ಶಾಸ್ತ್ರಿಗಳೂ ಬರೆಯುತ್ತಿದ್ದರು, ಹುಣಸೂರು ಕೃಷ್ಣಮೂರ್ತಿಗಳೂ ಬರೆಯುತ್ತಿದ್ದರು. ಸನ್ನಿವೇಶ ಕೇಳಿದ ಧಾಟಿಯಲ್ಲಿ ಬರೆಯುವುದೇ ಅವರ ಕಸುಬು. ಎರಡು ಸಾಲಿನಲ್ಲಿ ಒಬ್ಬರ ಕೈಬರಹ ಹುಡುಕಿದರೆ ನಮಗೆ ಇಷ್ಟವಾದವರ ಹೆಸರೇ ಸಿಗುತ್ತದೆ. ಟಾಕೀಸಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ಹುಡುಕಿ. ಅದರಲ್ಲೂ ಇಬ್ಬರ ಹೆಸರಿದ್ದು, ಯಾವ ಹಾಡು ಯಾರದು ಅಂತ ಬಿಡಿಸಿ ಬರೆಯದಿದ್ದರೆ ಮತ್ತೆ ತಲೆನೋವು. ಅಲ್ಲಿಯವರೆಗೆ ‘ಕವಿ: ತಿಳಿಯದು, ಸುಮಾರು 1950–60’ ಅಂತಿರಲಿ.

ಉತ್ತರ 1

ಆದರೂ ಆ ಕೊನೆಯ ನುಡಿ ಕೇಳುವ ತನಕ ನಾನು ಒಪ್ಪೋದಿಲ್ಲ. ಅಜ್ಜಿಯ ತಂಗಿ ಯಾರಾದರೂ ಇದ್ದರೆ ಕೇಳಿ ನೋಡಿ.